8 + 4 = □ + 5: ನನ್ನ ಇಂಟರ್ನ್‌ಶಿಪ್ ಕಡತದ ಒಂದು ಘಟಕ

ಬಿ.ಇಡ್. ಎರಡನೇ ವರ್ಷದ ಇಂಟರ್ನ್‌ಶಿಪ್‌ಗೆ ನನಗೆ ಸಿಕ್ಕಿದ್ದು ಪಾಂಡವಪುರ ತಾಲ್ಲೂಕಿನ ಒಂದು ಸರ್ಕಾರಿ ಪ್ರೌಢಶಾಲೆ. ವಿಷಯ ಗಣಿತ, ತರಗತಿ ಎಂಟು. ಶಿಕ್ಷಕ ಶಿಕ್ಷಣದ ರಾಷ್ಟ್ರೀಯ ಪರಿಷತ್ತಾದ ಎನ್‌ಸಿಟಿಇಯ 2014ರ ನಿಯಮಾವಳಿ ಬಂದ ಮೇಲೆ ಬಿ.ಇಡ್. ಎರಡು ವರ್ಷದ್ದಾಯಿತು, ಶಾಲೆಯಲ್ಲಿ ಕಳೆಯಬೇಕಾದ ಅವಧಿಯೂ 20 ವಾರಕ್ಕೆ ಏರಿತು. ಅದರಲ್ಲಿ 4 ವಾರ ಮೊದಲ ವರ್ಷ, 16 ವಾರ ಎರಡನೇ ವರ್ಷ. ಇಷ್ಟು ದೀರ್ಘ ಅವಧಿಯಲ್ಲಿ ಪ್ರಶಿಕ್ಷಣಾರ್ಥಿ ಏನು ಕಲಿತಳು ಎಂಬುದನ್ನು ಕೊನೆಯಲ್ಲಿ ಒಂದೆರಡು ಪರೀಕ್ಷಾ ಪಾಠ ನೋಡಿ ಹೇಳಲಾಗದು. ಅದಕ್ಕಾಗಿಯೇ ಪೋರ್ಟ್‌ಫೋಲಿಯೊ. ನಮ್ಮ ಕಾಲೇಜಿನಲ್ಲಿ ಅದನ್ನು ‘ಕಡತ’ ಎಂದೇ ಕರೆಯುತ್ತಿದ್ದೆವು. ಆ ಕಡತದಲ್ಲಿ ಒಂದೇ ಒಂದು ಘಟಕದ ಪುಟಗಳು ಹೇಗೆ ಸೇರಿದವು, ಅವು ಏನನ್ನು ಸಾಬೀತು ಮಾಡಿದವು, ಏನನ್ನು ಮಾಡಲಿಲ್ಲ ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲಿಗೆ ರೆಕಾರ್ಡಿಗೂ ಪೋರ್ಟ್‌ಫೋಲಿಯೊಗೂ ಇರುವ ವ್ಯತ್ಯಾಸ ಹೇಳಬೇಕು. ಬಿ.ಇಡ್. ಮಾಡಿದವರಿಗೆಲ್ಲ ರೆಕಾರ್ಡ್ ಬರೆಯುವುದು ಗೊತ್ತು. ಪಾಠ ಯೋಜನೆಯ ರೆಕಾರ್ಡ್, ಘಟಕ ಪರೀಕ್ಷೆಯ ರೆಕಾರ್ಡ್, ಅವಲೋಕನದ ರೆಕಾರ್ಡ್, ಕ್ರಿಯಾ ಸಂಶೋಧನೆಯ ರೆಕಾರ್ಡ್. ಒಂದೊಂದಕ್ಕೂ ರಟ್ಟು, ಬಣ್ಣದ ಹೊದಿಕೆ, ಪ್ರತಿ ಪುಟದಲ್ಲೂ ಸಹಿ. ಈ ಕೆಲಸಗಳನ್ನು ಮಾಡಿಯಾಗಿದೆ ಎಂಬುದಕ್ಕೆ ಇವು ದಾಖಲೆ. ಆದರೆ ಪಾಠ ಯೋಜನೆ ಬರೆದಿದ್ದಾಳೆ ಎಂಬುದೂ ಪಾಠ ಯೋಜಿಸಬಲ್ಲಳು ಎಂಬುದೂ ಬೇರೆ ಬೇರೆ ಮಾತು. ಹಿಂದಿನ ಬ್ಯಾಚಿನ ರೆಕಾರ್ಡ್ ನೋಡಿಕೊಂಡು ಬರೆದ ಯೋಜನೆಗೂ ಸಹಿ ಬೀಳುತ್ತದೆ. ಅಂಥದ್ದನ್ನು ಗುರುತಿಸುವುದು ಕಷ್ಟವಲ್ಲ. ಶಾಲೆಯ ಹೆಸರು, ತರಗತಿ, ದಿನಾಂಕ ಬದಲಿಸಿದರೂ ಆ ಪುಟ ಹಾಗೆಯೇ ನಿಲ್ಲುತ್ತದೆ. ‘ಮಕ್ಕಳು ಆಸಕ್ತಿಯಿಂದ ಭಾಗವಹಿಸಿದರು’ ಎಂಬ ವಾಕ್ಯ ಯಾವ ಶಾಲೆಗೆ ಸಲ್ಲುವುದಿಲ್ಲ?

ನಮ್ಮ ಮೇಲ್ವಿಚಾರಕರು ಮೊದಲ ವಾರವೇ ಒಂದು ಹಾಳೆ ಕೊಟ್ಟರು. ಎಡಗಡೆ ಸಾಮರ್ಥ್ಯಗಳ ಸಾಲು: ಮಕ್ಕಳು ಈಗ ಎಲ್ಲಿದ್ದಾರೆ ಎಂದು ತಿಳಿಯುವುದು, ಅದಕ್ಕೆ ತಕ್ಕಂತೆ ಯೋಜಿಸುವುದು, ತರಗತಿಯಲ್ಲಿ ಎಲ್ಲರನ್ನೂ ಒಳಗೊಳ್ಳುವುದು, ಕಲಿಕೆಯನ್ನು ಅಳೆಯುವುದು, ಹಿಂದುಳಿದವರಿಗೆ ನೆರವಾಗುವುದು, ಪೋಷಕರೊಂದಿಗೆ ಕೆಲಸ ಮಾಡುವುದು. ಬಲಗಡೆ ಖಾಲಿ ಮನೆಗಳು. ಪ್ರತಿ ಸಾಮರ್ಥ್ಯದ ಎದುರೂ ಬೇರೆ ಬೇರೆ ವಾರದ ಎರಡಾದರೂ ಪುರಾವೆಗಳ ಪುಟಸಂಖ್ಯೆ ಬರೆಯಬೇಕು. “ಎರಡರಲ್ಲಿ ಒಂದು ನಿಮ್ಮ ಕೈಬರಹದ್ದಾಗಿರಬಾರದು” ಎಂದರು ಸರ್. ಅದು ಶಾಲೆಯಲ್ಲಿ ನಮ್ಮ ಪಾಠ ನೋಡುವ ಗೈಡ್ ಟೀಚರ್ ಬರೆದದ್ದೋ ಮಕ್ಕಳು ಬರೆದದ್ದೋ ಆಗಿರಬೇಕು. ನನ್ನ ಬಗ್ಗೆ ನಾನೇ ಸಾಕ್ಷಿ ಹೇಳಿದರೆ ಅದು ಅರ್ಜಿಯಾಗುತ್ತದೆಯೇ ಹೊರತು ಪುರಾವೆಯಾಗುವುದಿಲ್ಲ. ಆ ಒಂದು ನಿಯಮ ನಾನು ಕಾಗದ ಕೂಡಿಡುವ ರೀತಿಯನ್ನೇ ಬದಲಿಸಿತು.

ನಾನು ಆರಿಸಿಕೊಂಡ ಘಟಕ ‘ಒಂದು ಚರಾಕ್ಷರವಿರುವ ರೇಖಾತ್ಮಕ ಸಮೀಕರಣಗಳು’. ಪಾಠಕ್ಕೆ ಮುಂಚೆ ಐದು ಪ್ರಶ್ನೆಗಳ ಒಂದು ಸಣ್ಣ ಪೂರ್ವಪರೀಕ್ಷೆ ಕೊಟ್ಟೆ. ಅದರಲ್ಲಿ ಮೊದಲನೆಯದರಲ್ಲಿ ಅಕ್ಷರವೇ ಇರಲಿಲ್ಲ:

8 + 4 = □ + 5

ಅಂದು ಹಾಜರಿದ್ದ 34 ಮಕ್ಕಳಲ್ಲಿ 21 ಮಂದಿ ಚೌಕದಲ್ಲಿ 12 ಬರೆದರು. 5 ಮಂದಿ ಕಣ್ಣಿಗೆ ಬಿದ್ದ ಎಲ್ಲ ಸಂಖ್ಯೆಗಳನ್ನೂ ಕೂಡಿಸಿ 17 ಬರೆದರು. 7 ಎಂದು ಬರೆದವರು 8 ಜನ. ಇವರಿಗೆ ಕೂಡುವುದು ಬರುವುದಿಲ್ಲವೆಂದಲ್ಲ. ಸಮ ಚಿಹ್ನೆಯನ್ನು ಅವರು ‘ಇಲ್ಲಿ ಉತ್ತರ ಬರೆಯಿರಿ’ ಎಂಬ ಸೂಚನೆಯಾಗಿ ಓದುತ್ತಾರೆ. ಎರಡೂ ಬದಿಗಳ ಬೆಲೆ ಒಂದೇ ಎಂಬ ಹೇಳಿಕೆಯಾಗಿ ಅದು ಅವರಿಗೆ ಕಾಣುವುದಿಲ್ಲ. ಒಂದನೇ ತರಗತಿಯಿಂದಲೂ ಲೆಕ್ಕ ಎಡಗಡೆ, ಉತ್ತರ ಬಲಗಡೆ ಎಂದೇ ನೋಡಿಕೊಂಡು ಬಂದವರಿಗೆ ಅದು ಸಹಜ. ಹಾಗೆ ಓದುವ ಮಗುವಿಗೆ 3x + 2 = 14 ಎಂದು ಕೊಟ್ಟು ‘ಸಂಖ್ಯೆಯನ್ನು ಆ ಕಡೆಗೆ ಕಳಿಸು, ಚಿಹ್ನೆ ಬದಲಿಸು’ ಎಂದರೆ ಅದು ಅರ್ಥವಿಲ್ಲದ ಆಜ್ಞೆಯಾಗುತ್ತದೆ. ಉಳಿದ ಪ್ರಶ್ನೆಗಳಲ್ಲಿ ಅದೇ ಕಂಡಿತು. x − 4 = 9 ಕ್ಕೆ 5 ಎಂದವರು ಬಹಳ. 3x = 12 ಕ್ಕೆ 12ರಲ್ಲಿ 3 ಕಳೆದು 9 ಎಂದವರೂ ಇದ್ದರು.

ಆ ಉತ್ತರಗಳನ್ನು ನೋಡಿದ ಮೇಲೆ ನಾನು ಬರೆದಿಟ್ಟಿದ್ದ ಪಾಠ ಯೋಜನೆಯ ಕ್ರಮ ಬದಲಾಯಿತು. ಮೊದಲ ಪೀರಿಯಡ್ಡಿನಲ್ಲಿ x ಬರಲೇ ಇಲ್ಲ. 7 = 7, 5 + 2 = 3 + 4, 10 = 6 + 4 ಇಂಥವನ್ನು ಬರೆದು ಸರಿಯೋ ತಪ್ಪೋ ಎಂದು ಕೇಳುವುದರಲ್ಲೇ ಅದು ಕಳೆಯಿತು. 10 = 6 + 4 ‘ಉಲ್ಟಾ ಇದೆ ಮಿಸ್’ ಎಂದವರು ಕಡಿಮೆಯಲ್ಲ. ಎರಡನೇ ಪೀರಿಯಡ್ಡಿಗೆ ಅಂಗಡಿಯೊಂದರಿಂದ ಹಳೆಯ ತಕ್ಕಡಿ ತಂದೆ. ಮೂರು ಪೊಟ್ಟಣ ಮತ್ತು ಎರಡು ಗೋಲಿ ಒಂದು ತಟ್ಟೆಯಲ್ಲಿ, ಹದಿನಾಲ್ಕು ಗೋಲಿ ಇನ್ನೊಂದರಲ್ಲಿ. ಎರಡೂ ಕಡೆಯಿಂದ ಎರಡೆರಡು ಗೋಲಿ ತೆಗೆದರೆ ತಕ್ಕಡಿ ಅಲುಗುವುದಿಲ್ಲ. ಪೊಟ್ಟಣಕ್ಕೆ ನಾಲ್ಕು ಗೋಲಿ ಎಂದು ಮಕ್ಕಳೇ ಹೇಳಿದರು.

ಕಡತದಲ್ಲಿ ಇಲ್ಲಿಗೆ ಸೇರಿದ್ದು ಮೂರು ಬಗೆಯ ಕಾಗದ. ಮೊದಲು ಬರೆದ ಯೋಜನೆ. ಕೆಂಪು ಶಾಯಿಯಲ್ಲಿ ತಿದ್ದಿದ ಯೋಜನೆ. ತಿದ್ದಲು ಕಾರಣವಾದ ಮೂವರು ಮಕ್ಕಳ ಉತ್ತರ ಪತ್ರಿಕೆಗಳ ಜೆರಾಕ್ಸ್. ಮೂವರಲ್ಲಿ ಒಬ್ಬ 7 ಬರೆದವನು, ಒಬ್ಬಳು 12 ಬರೆದವಳು, ಒಬ್ಬ 17 ಬರೆದವನು. ಹೆಸರುಗಳ ಮೇಲೆ ಕಪ್ಪು ಮಾರ್ಕರ್ ಎಳೆದು ‘ವಿ-7’, ‘ವಿ-19’, ‘ವಿ-30’ ಎಂದು ಸಂಕೇತ ಕೊಟ್ಟೆ. ಮುಂದಿನ ಪುಟಗಳಲ್ಲೂ ಇದೇ ಮೂವರ ಕಾಗದಗಳನ್ನೇ ಇಟ್ಟೆ. ಪ್ರತಿ ಸಲ ಚೆನ್ನಾಗಿ ಬರೆದವರನ್ನು ಹುಡುಕಿ ಇಟ್ಟಿದ್ದರೆ ಯಾವ ಮಗು ಎಲ್ಲಿಂದ ಎಲ್ಲಿಗೆ ಬಂತೆಂಬುದು ಯಾರಿಗೂ ಕಾಣುತ್ತಿರಲಿಲ್ಲ. ಅಚ್ಚುಕಟ್ಟಾಗಿ ಮತ್ತೆ ಬರೆಯದೆ ತಿದ್ದಿದ ಪ್ರತಿಯನ್ನೇ ಇಟ್ಟಿದ್ದಕ್ಕೂ ಕಾರಣವಿದೆ. ಯೋಜಿಸುವ ಸಾಮರ್ಥ್ಯ ಕಾಣುವುದು ಆ ಕೆಂಪು ಗೆರೆಗಳಲ್ಲೇ. ಮಕ್ಕಳ ಉತ್ತರ ಓದಿ ತನ್ನ ಯೋಜನೆ ಬದಲಿಸಿದಳು ಎಂಬುದು ಶುದ್ಧ ಪ್ರತಿಯಲ್ಲಿ ಅಳಿಸಿಹೋಗುತ್ತದೆ.

ಇನ್ನು ಗೈಡ್ ಟೀಚರ್ ವಿಷಯ. ಅವಲೋಕನ ಹಾಳೆಯಲ್ಲಿ ‘ಪಾಠ ಚೆನ್ನಾಗಿದೆ, ಧ್ವನಿ ಸ್ಪಷ್ಟವಾಗಿದೆ, ಕಪ್ಪುಹಲಗೆ ಬಳಕೆ ಉತ್ತಮ’ ಎಂದು ಬರೆದು ಸಹಿ ಹಾಕುವುದು ಬಹಳ ಕಡೆ ರೂಢಿ. ಅವರಿಗೂ ಅವರದೇ ತರಗತಿಗಳು, ಬಿಸಿಯೂಟದ ಲೆಕ್ಕ, ಕಚೇರಿ ಕೆಲಸ ಇರುತ್ತವೆ. ನನ್ನ ಗೈಡ್ ಮೇಡಂ ಹಾಗೆ ಮಾಡಲಿಲ್ಲ. ಹಿಂದಿನ ಬೆಂಚಿನಲ್ಲಿ ಕೂತು, ಬಿಳಿ ಹಾಳೆಯಲ್ಲಿ ತರಗತಿಯ ಬೆಂಚುಗಳ ನಕ್ಷೆ ಬರೆದುಕೊಂಡರು. ನಾನು ಯಾರನ್ನಾದರೂ ಪ್ರಶ್ನೆ ಕೇಳಿದಾಗಲೆಲ್ಲ ಆ ಜಾಗದಲ್ಲಿ ಒಂದು ಗೀಟು. ಪಕ್ಕದಲ್ಲಿ, ಪ್ರಶ್ನೆ ಮುಗಿದ ಮೇಲೆ ಉತ್ತರಕ್ಕೆ ಎಷ್ಟು ಸೆಕೆಂಡ್ ಕಾದೆ ಎಂಬ ಅಂಕಿ.

ಪೀರಿಯಡ್ ಮುಗಿದ ಮೇಲೆ ಆ ಹಾಳೆಯನ್ನು ನನ್ನ ಮುಂದಿಟ್ಟು, “ನೋಡಮ್ಮ, ನಾನೇನೂ ಹೇಳಲ್ಲ, ನೀನೇ ಎಣಿಸು” ಎಂದರು.

ಒಟ್ಟು 23 ಪ್ರಶ್ನೆ. ಅದರಲ್ಲಿ 18 ಮುಂದಿನ ಮೂರು ಬೆಂಚಿಗೆ. ಕಿಟಕಿ ಪಕ್ಕದ ಹಿಂದಿನ ಎರಡು ಬೆಂಚಿನ ಹೆಣ್ಣುಮಕ್ಕಳಿಗೆ ಒಂದೂ ಇಲ್ಲ. ಕಾದ ಸಮಯ ಹೆಚ್ಚಿನ ಕಡೆ 1, ಅಲ್ಲಲ್ಲಿ 2. ಮೇರಿ ಬಡ್ ರೋ ಎಂಬ ಅಮೆರಿಕದ ಸಂಶೋಧಕಿ ಇದನ್ನು ತರಗತಿಗಳಲ್ಲಿ ಅಳೆದು ನೋಡಿದ್ದಾರೆ. ಶಿಕ್ಷಕರು ಸಾಮಾನ್ಯವಾಗಿ ಒಂದು ಸೆಕೆಂಡಿನಷ್ಟೇ ಕಾಯುತ್ತಾರೆ, ಅದನ್ನು ಮೂರು ಸೆಕೆಂಡಿಗೆ ಏರಿಸಿದರೆ ಮಕ್ಕಳ ಉತ್ತರ ಉದ್ದವಾಗುತ್ತದೆ, ಬಾಯಿ ಬಿಡದ ಮಕ್ಕಳೂ ಮಾತಾಡತೊಡಗುತ್ತಾರೆ ಎಂಬುದು ಅವರು ಕಂಡುಕೊಂಡದ್ದು. ಮೊದಲ ಸೆಮಿಸ್ಟರಿನಲ್ಲಿ ಓದಿ ಬರೆದಿದ್ದ ವಿಷಯವೇ. ಆದರೆ ಮೇಡಂ ಹಾಳೆಯಲ್ಲಿ ಅದು ನನ್ನದೇ ತರಗತಿಯ ಅಂಕಿಯಾಗಿ ನಿಂತಿತ್ತು.

ಮುಂದಿನ ಪಾಠಗಳಿಗೆ ಪಕ್ಕದ ಪ್ರಾಥಮಿಕ ಶಾಲೆಯಿಂದ ಸ್ಲೇಟುಗಳನ್ನು ಕೇಳಿ ತಂದೆ. ಪ್ರಶ್ನೆ ಕೇಳಿ, ಮನಸ್ಸಿನಲ್ಲೇ ಐದರವರೆಗೆ ಎಣಿಸಿ, ‘ತೋರಿಸಿ’ ಎಂದಾಗ ಎಲ್ಲರೂ ಸ್ಲೇಟು ಎತ್ತಬೇಕು. ಎಂಟನೇ ಕ್ಲಾಸಿನವರು ಸ್ಲೇಟು ಹಿಡಿಯಲು ಮೊದಲ ದಿನ ನಾಚಿದರು, ಆಮೇಲೆ ಅದೇ ಬೇಕೆಂದರು. ಎರಡು ವಾರದ ಮೇಲೆ ಮೇಡಂ ಮತ್ತೆ ಅದೇ ಬಗೆಯ ನಕ್ಷೆ ಬರೆದರು. ಪ್ರಶ್ನೆಗಳು 14ಕ್ಕೆ ಇಳಿದಿದ್ದವು, ಕಾದ ಸಮಯ 4–5 ಸೆಕೆಂಡಿಗೆ ಏರಿತ್ತು, ಉತ್ತರ ಇಡೀ ತರಗತಿಯಿಂದ ಬರುತ್ತಿತ್ತು. ಕೆಳಗೆ ಅವರದೊಂದು ಸಾಲು: ‘ತಪ್ಪು ಬರೆದ ಸ್ಲೇಟುಗಳನ್ನು ನೋಡಿದರು, ಏಕೆ ಹಾಗೆ ಬರೆದೆ ಎಂದು ಕೇಳಲಿಲ್ಲ.’ ಆ ಸಾಲನ್ನೂ ಸೇರಿಸಿ ಎರಡು ನಕ್ಷೆಗಳನ್ನು ಎದುರುಬದುರು ಪುಟಗಳಲ್ಲಿ ಅಂಟಿಸಿದೆ. ‘ಎಲ್ಲರನ್ನೂ ಒಳಗೊಳ್ಳುವುದು’ ಎಂಬ ಮನೆಯ ಎದುರು ನನ್ನ ಕಡತದಲ್ಲಿದ್ದ ಅತ್ಯಂತ ಗಟ್ಟಿಯಾದ ಪುರಾವೆ ಅವೇ. ಅವುಗಳಲ್ಲಿ ನನ್ನ ಬರಹ ಒಂದಕ್ಷರವೂ ಇರಲಿಲ್ಲ.

ಇಲ್ಲಿ ಫೋಟೊ ಬಗ್ಗೆ ಒಂದು ಮಾತು. ಈಗ ಎಲ್ಲ ಕಾರ್ಯಕ್ರಮಕ್ಕೂ ಜಿಯೋ-ಟ್ಯಾಗ್ ಫೋಟೊ ಬೇಕು ಎನ್ನುತ್ತಾರೆ. ನನ್ನ ಜೊತೆಯವರ ಕಡತಗಳಲ್ಲಿ ಪುಟಪುಟಕ್ಕೂ ಫೋಟೊ: ಕಪ್ಪುಹಲಗೆಯ ಮುಂದೆ ನಿಂತದ್ದು, ಮಕ್ಕಳು ಚಾರ್ಟ್ ಹಿಡಿದದ್ದು, ಪರಿಸರ ದಿನಕ್ಕೆ ಗಿಡ ನೆಟ್ಟದ್ದು. ಇಂತಹ ದಿನ ಇಂತಹ ಜಾಗದಲ್ಲಿದ್ದೆವು ಎಂಬುದನ್ನು ಅವು ಹೇಳುತ್ತವೆ, ಅಷ್ಟೇ. ಮಕ್ಕಳ ಮುಖ ಕಾಣುವ ಚಿತ್ರಗಳನ್ನು ಪೋಷಕರ ಒಪ್ಪಿಗೆಯಿಲ್ಲದೆ ಕಡತಕ್ಕೆ ಅಂಟಿಸುವುದೂ ಸರಿಯಲ್ಲ ಎಂಬುದು ನನ್ನ ಅಭಿಪ್ರಾಯ. ನಾನು ಇಟ್ಟದ್ದು ಎರಡೇ ಫೋಟೊ. ಒಂದು ಎತ್ತಿ ಹಿಡಿದ ಸ್ಲೇಟುಗಳದ್ದು, ಹಿಂದಿನಿಂದ ತೆಗೆದದ್ದು. ಇನ್ನೊಂದು ಪಾಠ ಮುಗಿದ ಮೇಲಿನ ಕಪ್ಪುಹಲಗೆಯದ್ದು. ಎರಡನೆಯದು ಉಪಯೋಗಕ್ಕೆ ಬಂತು. ಹಲಗೆಯ ಮೇಲೆ ಏನು ಉಳಿದಿತ್ತೋ ಅದನ್ನೇ ಮಕ್ಕಳು ನೋಟ್ ಪುಸ್ತಕಕ್ಕೆ ಇಳಿಸಿರುತ್ತಾರಲ್ಲ.

ಪಾಠಗಳ ಕೊನೆಗೆ ಮತ್ತೆ ಒಂದು ಸಣ್ಣ ಪರೀಕ್ಷೆ. ಅದೇ ಪ್ರಶ್ನೆಗಳನ್ನೇ ಕೊಟ್ಟರೆ ಮಕ್ಕಳು ಉತ್ತರ ನೆನಪಿಟ್ಟುಕೊಂಡಿರಬಹುದು. ಆದ್ದರಿಂದ ಸಂಖ್ಯೆ ಬದಲಿಸಿ 9 + 6 = □ + 4 ಎಂದು ಕೊಟ್ಟೆ. ಬಂದಿದ್ದ 31 ಮಕ್ಕಳಲ್ಲಿ 26 ಮಂದಿ 11 ಬರೆದರು. ಸುಲಭವಾಗಿ ಇಲ್ಲಿಗೇ ನಿಲ್ಲಿಸಿ ಒಂದು ಸ್ತಂಭಾಲೇಖ ಬರೆದು ಬಣ್ಣ ಹಚ್ಚಬಹುದಿತ್ತು. ಬಹಳಷ್ಟು ಕಡತಗಳು ನಿಲ್ಲುವುದೂ ಇಲ್ಲೇ. ಆದರೆ ಪಾಠದ ಮಾರನೇ ದಿನ ಕೊಟ್ಟ ಪರೀಕ್ಷೆ ಕಲಿತದ್ದು ಉಳಿದಿದೆಯೇ ಎಂಬುದನ್ನು ಹೇಳುವುದಿಲ್ಲ. ಹಾಗಾಗಿ ಕೆಲವು ವಾರ ಕಳೆದ ಮೇಲೆ ಬಂದ ಘಟಕ ಪರೀಕ್ಷೆಯ ನೀಲನಕ್ಷೆಯಲ್ಲಿ ಹಳೆಯ ಘಟಕದ ಒಂದು ಪ್ರಶ್ನೆಗೆ ಜಾಗ ಮಾಡಿಕೊಂಡೆ: x − 6 = 8. ಬರೆದವರು 33, ಸರಿಯಾಗಿ 14 ಎಂದವರು 22. ಉಳಿದ 11ರಲ್ಲಿ ಹೆಚ್ಚಿನವರು ಮತ್ತೆ 2 ಎಂದೇ ಬರೆದಿದ್ದರು.

ನನ್ನ ಗೆಳತಿಯೊಬ್ಬಳು ಈ ಪುಟ ಬೇಡ, ಮೊದಲಿನ 26ರ ಪುಟ ಸಾಕು ಎಂದಳು. ಅವಳ ಮಾತಿನಲ್ಲಿ ಕಾಳಜಿಯೇ ಇತ್ತು, ಅಂಕ ಹೋದೀತೆಂಬ ಹೆದರಿಕೆ. ನಾನು ಇಟ್ಟೆ. ಶಿಕ್ಷಕರ ಪೋರ್ಟ್‌ಫೋಲಿಯೊ ಎಂಬ ಕಲ್ಪನೆಗೆ ರೂಪ ಕೊಟ್ಟವರಲ್ಲಿ ಒಬ್ಬರಾದ ಲೀ ಶುಲ್‌ಮನ್ ಅದರ ಅಪಾಯಗಳನ್ನೂ ಹೇಳಿದ್ದಾರೆ. ಹೊರಗಿನ ಅಲಂಕಾರವೇ ಮುಖ್ಯವಾಗಿಬಿಡುವುದು ಒಂದು. ಅಪರೂಪಕ್ಕೆ ಚೆನ್ನಾಗಿ ಆದ ಕೆಲಸವನ್ನು ದಿನನಿತ್ಯದ ಕೆಲಸವೆಂಬಂತೆ ತೋರಿಸುವುದು ಇನ್ನೊಂದು. 26ರ ಪುಟ ಮಾತ್ರ ಇಟ್ಟಿದ್ದರೆ ಎರಡನೆಯದೇ ಆಗುತ್ತಿತ್ತು.

ಪುಟ ಇಟ್ಟರೆ ಸಾಲದು, ಅದನ್ನು ಓದಬೇಕು. ಆ 11 ಮಕ್ಕಳ ಹೆಸರು ಹಿಡಿದು ಹಾಜರಾತಿ ಪುಸ್ತಕ ತೆರೆದೆ. ಅವರಲ್ಲಿ 5 ಮಂದಿ ತಕ್ಕಡಿಯ ಪಾಠದ ದಿನ ಶಾಲೆಗೇ ಬಂದಿರಲಿಲ್ಲ. ಅದು ನಾಲೆಗೆ ನೀರು ಬಿಟ್ಟು ಊರಿನಲ್ಲಿ ನಾಟಿ ಶುರುವಾಗಿದ್ದ ವಾರ. ಮನೆಯವರು ಗದ್ದೆಗೆ ಹೋದರೆ ತಮ್ಮ ತಂಗಿಯರನ್ನು ನೋಡಿಕೊಳ್ಳಲು, ಬುತ್ತಿ ಒಯ್ಯಲು ಮಕ್ಕಳು ಉಳಿಯುತ್ತಾರೆ. “ಅವ್ವ ಪೈರು ಕೀಳಕ್ ಹೋಗಿತ್ತು ಮಿಸ್, ನಾನು ಪಾಪುನ ನೋಡ್ಕಬೇಕಿತ್ತು” ಎಂದು ಒಬ್ಬಳು ಹೇಳಿದಳು. ಅವರಿಗೆ ಆ ಪಾಠ ಸಿಕ್ಕೇ ಇರಲಿಲ್ಲ; ಮತ್ತೆ ಸಿಗುವಂತೆ ಯೋಜನೆಯಲ್ಲಿ ಜಾಗವೂ ಇರಲಿಲ್ಲ. ಉಳಿದ 6 ಮಂದಿಯ ಕಥೆ ಬೇರೆ. ಅವರ ಹಿಂದಿನ ಪತ್ರಿಕೆಗಳಲ್ಲಿ 3x + 2 = 14 ಸರಿಯಿತ್ತು, ಕಳೆಯುವ ಚಿಹ್ನೆ ಬಂದ ಕಡೆ ಮಾತ್ರ ತಪ್ಪಿತ್ತು. ಇದು ತಕ್ಕಡಿಯ ಮಿತಿ. ತಟ್ಟೆಯಿಂದ ಗೋಲಿ ತೆಗೆಯುವುದನ್ನು ತೋರಿಸಬಹುದು. ಪೊಟ್ಟಣದಿಂದ ಆರು ಗೋಲಿ ಆಗಲೇ ತೆಗೆದಾಗಿದೆ ಎಂಬುದನ್ನು ತಕ್ಕಡಿ ತೋರಿಸದು. x + 7 = 3 ಅನ್ನಂತೂ ತೋರಿಸಲೇ ಆಗದು, ಏಕೆಂದರೆ −4 ಗೋಲಿ ಎಂಬುದು ಇಲ್ಲ. ಒಂದು ಹಂತದ ನಂತರ ತಕ್ಕಡಿಯನ್ನು ಬದಿಗಿಟ್ಟು ಸಂಖ್ಯಾರೇಖೆಗೆ, ಆಮೇಲೆ ‘ಎರಡೂ ಬದಿಗೆ ಒಂದೇ ಕ್ರಿಯೆ’ ಎಂಬ ಬರಹದ ಕ್ರಮಕ್ಕೆ ಬರಲೇಬೇಕು.

ಗೈರಾಗಿದ್ದ ಐವರಿಗೆ ಊಟದ ನಂತರದ ಬಿಡುವಿನಲ್ಲಿ ತಕ್ಕಡಿ ಪಾಠವನ್ನು ಮತ್ತೆ ಮಾಡಿದೆವು. ‘ಮಾಡಿದೆವು’ ಎನ್ನುವುದು ಏಕೆಂದರೆ ಹೆಚ್ಚು ಮಾತಾಡಿದ್ದು ಅವರ ಜೊತೆ ಕೂತ ಐವರು ಸಹಪಾಠಿಗಳು. ಉಳಿದ ಆರು ಮಂದಿಗೆ ಸಂಖ್ಯಾರೇಖೆಯ ಮೇಲೆ ‘ಆರು ಹೆಜ್ಜೆ ಹಿಂದೆ ಹೋಗಿ ಎಂಟರಲ್ಲಿ ನಿಂತಿದ್ದೀಯ, ಹೊರಟಿದ್ದು ಎಲ್ಲಿಂದ?’ ಎಂಬ ಬಗೆಯ ಪ್ರಶ್ನೆಗಳು. ವಿ-30 ಎಂಬ ಸಂಕೇತದ ಹುಡುಗ, ಮೊದಲ ದಿನ 17 ಬರೆದವನು, ಕೊನೆಯ ಹಾಳೆಯಲ್ಲಿ x − 6 = 8 ಬಿಡಿಸಿ ಕೆಳಗೆ 14 − 6 = 8 ಎಂದು ತಾನೇ ತಾಳೆ ನೋಡಿದ್ದಾನೆ. ಹಾಗೆ ತಾಳೆ ನೋಡು ಎಂದು ಆ ಹಾಳೆಯಲ್ಲಿ ಯಾರೂ ಕೇಳಿರಲಿಲ್ಲ. ನನಗೆ ಅಂಕಿಗಳಿಗಿಂತ ಆ ಒಂದು ಸಾಲು ಹೆಚ್ಚು ಹೇಳುತ್ತದೆ, ಏಕೆಂದರೆ ಸಮ ಚಿಹ್ನೆಯ ಎರಡು ಬದಿಗಳನ್ನೂ ಅವನು ಹೋಲಿಸಿ ನೋಡುತ್ತಿದ್ದಾನೆ.

ಪ್ರತಿ ಕಾಗದದ ಕೆಳಗೂ ನಾಲ್ಕೈದು ಸಾಲಿನ ಅಡಿಟಿಪ್ಪಣಿ ಬರೆಯಬೇಕಿತ್ತು. ಇದು ಎಂದಿನದು, ಇದರಲ್ಲಿ ಏನು ಕಾಣುತ್ತದೆ, ಇದನ್ನು ನೋಡಿ ಮುಂದೆ ಏನು ಬದಲಿಸಿದೆ. ಬರೆಯಲು ಅತಿ ಕಷ್ಟವಾದ ಭಾಗ ಇದು. ಎಲ್ಲವನ್ನೂ ಗುಡ್ಡೆ ಹಾಕಿದ ದೊಡ್ಡ ಕಡತದಲ್ಲಿ ಇನ್ನೂರಕ್ಕೂ ಹೆಚ್ಚು ಹಾಳೆಗಳಿದ್ದವು. ಪರೀಕ್ಷಕರ ಮುಂದಿಡುವ ಕಡತಕ್ಕೆ ಅದರಲ್ಲಿ ಕಾಲುಭಾಗವೂ ಹೋಗಲಿಲ್ಲ. ‘ಮುಂದೆ ಏನು ಬದಲಿಸಿದೆ’ ಎಂಬ ಮೂರನೇ ಸಾಲು ಬರೆಯಲು ಬಾರದ ಹಾಳೆಗಳೆಲ್ಲ ಹೊರಗುಳಿದವು. ಚಂದದ ಚಾರ್ಟುಗಳ ಫೋಟೊ, ಭಾಷಣ ಸ್ಪರ್ಧೆಯ ಪ್ರಮಾಣಪತ್ರ ಇವೆಲ್ಲ ಹಾಗೆಯೇ ಹೊರಗುಳಿದವು.

ಮೌಖಿಕ ಪರೀಕ್ಷೆಯಲ್ಲಿ ಬಾಹ್ಯ ಪರೀಕ್ಷಕರು ಕಡತವನ್ನು ಮೊದಲಿನಿಂದ ತಿರುವಲಿಲ್ಲ. ಸೂಚಿ ಹಾಳೆ ತೆರೆದು ಒಂದು ಸಾಮರ್ಥ್ಯಕ್ಕೆ ಬೆರಳಿಟ್ಟು ಆ ಪುಟಗಳಿಗೇ ಹೋದರು. ಎರಡು ಬೆಂಚು ನಕ್ಷೆಗಳನ್ನು ನೋಡಿ, ಸ್ಲೇಟು ಇಲ್ಲದ ಶಾಲೆಯಲ್ಲಿ ಏನು ಮಾಡುತ್ತೀರಿ ಎಂದು ಕೇಳಿದರು. ನೋಟ್ ಪುಸ್ತಕದ ಹಿಂದಿನ ಪುಟದಲ್ಲಿ ದೊಡ್ಡದಾಗಿ ಬರೆದು ಎತ್ತಿಸುತ್ತೇನೆ ಎಂದೆ. 22ರ ಪುಟದಲ್ಲಿ ಬಹಳ ಹೊತ್ತು ನಿಂತರು. ಆ 11 ಮಕ್ಕಳನ್ನು ಎರಡು ಗುಂಪು ಮಾಡಿದ್ದು ಏಕೆ ಎಂದು ಕೇಳಿದಾಗ ಹಾಜರಾತಿಯ ವಿಷಯವನ್ನೂ ತಕ್ಕಡಿಯ ಮಿತಿಯನ್ನೂ ವಿವರಿಸಿದೆ. ಮಾತಾಡುವಾಗ ಕಡತ ಮುಚ್ಚಿಡಿ ಎಂದರು. ಬೇರೆಯವರಿಂದ ಬರೆಸಿದ್ದೋ ತಾನೇ ಮಾಡಿದ್ದೋ ಎಂಬುದು ತಿಳಿಯುವುದು ಆಗಲೇ ಇರಬೇಕು.

ಕೊನೆಗೆ ‘ಪೋಷಕರೊಂದಿಗೆ ಕೆಲಸ’ ಎಂಬ ಸಾಲಿಗೆ ಬಂದರು. ಅದರ ಎದುರು ಒಂದೇ ಪುಟಸಂಖ್ಯೆ ಇತ್ತು: ನಾಟಿ ವಾರದ ನಂತರ ಮೂವರು ತಾಯಂದಿರ ಜೊತೆ ಶಾಲೆಯ ಗೇಟಿನ ಬಳಿ ಆಡಿದ ಮಾತಿನ ಟಿಪ್ಪಣಿ, ಅದೂ ನನ್ನದೇ ಕೈಬರಹ. “ಇದು ಸಾಲುತ್ತದೆಯೇ?” ಎಂದರು. ಸಾಲುವುದಿಲ್ಲ ಸರ್, ಎರಡನೇ ಪುರಾವೆ ನನ್ನಲ್ಲಿಲ್ಲ ಎಂದೆ. ಅವರು ಆ ಮನೆಯನ್ನು ಖಾಲಿ ಬಿಟ್ಟು ಮುಂದಿನದಕ್ಕೆ ಹೋದರು.